ಮಿನುಗುವ ಮುದ್ರೆಯೂ ಮಾತ್ರೆಯ ಸತ್ಯವೂ

ಮಲೇರಿಯದ ರೋಗಾಣುಗಳನ್ನು ರಕ್ತದಿಂದ ಶೀಘ್ರವಾಗಿ ನಿರ್ಮೂಲಗೊಳಿಸುವ ಆರ್ಟಿಸುನೇಟ್ ಎಂಬ ಔಷಧವು ಆಗ್ನೇಯ ಏಷ್ಯದ ಅರಣ್ಯಪ್ರದೇಶಗಳಲ್ಲಿ ವಾಸಿಸುವ ಬಡಜನರ ಪಾಲಿಗೆ ಪ್ರಾಣಪ್ರದವಾಗಿದ್ದ ಕಾಲದಲ್ಲಿ, ಅಂದರೆ 1990ರ ದಶಕದ ಕೊನೆಯ ವರ್ಷಗಳಲ್ಲಿ, ಆ ಮಾತ್ರೆಯ ನಕಲು ಕಾಂಬೋಡಿಯ, ಲಾವೋಸ್, ವಿಯೆಟ್ನಾಂ, ಬರ್ಮಾ ದೇಶಗಳ ಅಂಗಡಿಗಳನ್ನು ಹೊಕ್ಕಿತು. ದಕ್ಷಿಣ ಚೀನದ ಗ್ವಿಲಿನ್ ನಗರದ ಕಂಪನಿಯೊಂದು ತಯಾರಿಸುತ್ತಿದ್ದ ಅಸಲು ಮಾತ್ರೆಯ ಪೊಟ್ಟಣದ ಮೇಲೆ, ಬೆಳಕಿಗೆ ಹಿಡಿದರೆ ಬಣ್ಣ ಬದಲಾಯಿಸುವ ಹಾಲೋಗ್ರಾಂ ಚೀಟಿಯೊಂದನ್ನು ಅಂಟಿಸಲಾಗುತ್ತಿತ್ತು; ಅದನ್ನು ನೋಡಿ ಕೊಂಡರೆ ಮೋಸಹೋಗಲಾರೆವೆಂಬುದು ಜನರ ಭಾವನೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ, ಇಂಟರ್‌ಪೋಲ್ ಮತ್ತು ಹಲವು ದೇಶಗಳ ವಿಜ್ಞಾನಿಗಳು ಕೂಡಿ ನಡೆಸಿದ ತನಿಖೆಯ ವಿವರಗಳು 2008ರಲ್ಲಿ ಪ್ರಕಟವಾದಾಗ ತಿಳಿದುಬಂದುದೇನೆಂದರೆ, ಪರೀಕ್ಷೆಗೊಳಗಾದ 391 ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಕಲಿಯಾಗಿದ್ದವು. ಅಷ್ಟೇ ಅಲ್ಲದೆ, ಆ ಚೀಟಿಯೂ ಒಂದಲ್ಲ ಎರಡಲ್ಲ, ಹತ್ತಕ್ಕೂ ಮೀರಿದ ಬೇರೆ ಬೇರೆ ಬಗೆಗಳಲ್ಲಿ ನಕಲಾಗಿತ್ತು. ಕೆಲವು ನಕಲಿ ಮಾತ್ರೆಗಳಲ್ಲಿ ಜ್ವರವನ್ನು ಮಾತ್ರ ಇಳಿಸಿ ರೋಗವನ್ನು ಹಾಗೆಯೇ ಬಿಡುವ ಪ್ಯಾರಸಿಟಮಾಲ್ ಇತ್ತು; ಮತ್ತೆ ಕೆಲವುಗಳಲ್ಲಿ ಅಸಲು ಔಷಧವೇ, ಆದರೆ ರೋಗಾಣುವನ್ನು ಕೊಲ್ಲಲು ಸಾಲದಷ್ಟು ಅಲ್ಪಪ್ರಮಾಣದಲ್ಲಿ, ಸೇರಿತ್ತು. ರೋಗಿಗೆ ಗುಣವಾಗದಿರುವುದರ ಜೊತೆಗೆ, ರೋಗಾಣುವು ಆ ಔಷಧವನ್ನು ತಡೆದುಕೊಳ್ಳಲು ಕಲಿಯುವಂತೆ ಮಾಡುವ ಈ ಎರಡನೆಯ ಬಗೆಯೇ ಹೆಚ್ಚು ಘಾತುಕವಾದುದು.

ಹಾಲೋಗ್ರಾಮನ್ನು ನಕಲುಮಾಡುವುದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಅದು ಹುಟ್ಟುವ ಕ್ರಮವನ್ನು ಸ್ವಲ್ಪ ಗಮನಿಸಬೇಕು. 1940ರ ದಶಕದ ಕೊನೆಗೆ ಡೆನ್ನಿಸ್ ಗೇಬರ್ ಕಂಡುಹಿಡಿದ, ಅವರಿಗೆ 1971ರ ನೊಬೆಲ್ ಪ್ರಶಸ್ತಿಯನ್ನು ತಂದುಕೊಟ್ಟ ಈ ವಿದ್ಯೆಯಲ್ಲಿ, ಲೇಸರ್ ಕಿರಣಗಳು ಒಂದನ್ನೊಂದು ಸಂಧಿಸುವಾಗ ಉಂಟಾಗುವ ಅತಿ ನವಿರಾದ ರೇಖಾವಿನ್ಯಾಸವನ್ನು ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಗಾಜಿನ ಫಲಕದ ಮೇಲೆ ಹಿಡಿದಿಡುತ್ತಾರೆ. ಫಲಕವನ್ನು ರಾಸಾಯನಿಕದಲ್ಲಿ ತೊಳೆದಾಗ ಆ ರೇಖೆಗಳು ಏರುತಗ್ಗುಗಳಾಗಿ ಉಳಿಯುತ್ತವೆ. ಅವುಗಳ ಆಳ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅದರ ಮೇಲೆ ವಿದ್ಯುತ್ತಿನ ಸಹಾಯದಿಂದ ನಿಕ್ಕಲ್ ಲೋಹವನ್ನು ಬೆಳೆಸಿ ಬಿಡಿಸಿಕೊಂಡರೆ ಅಚ್ಚು ಸಿದ್ಧವಾಗುತ್ತದೆ. ಆ ಅಚ್ಚನ್ನು ಕಾಯಿಸಿ ಪ್ಲಾಸ್ಟಿಕ್ ಹಾಳೆಗೆ ಒತ್ತಿ, ಅಲ್ಯುಮಿನಿಯಂನ ತೆಳುಪದರವನ್ನು ಹೊದಿಸಿ, ಹಿಂದೆ ಅಂಟು ಬಳಿದರೆ ನಮ್ಮ ಕೈಗೆ ಬರುವ ಮಿನುಗುಚೀಟಿ ಆಯಿತು. 1983ರಲ್ಲಿ ಮಾಸ್ಟರ್‌ಕಾರ್ಡ್ ಕಂಪನಿಯು ತನ್ನ ಕಾರ್ಡುಗಳ ಮೇಲೆ ಇದನ್ನು ಹಚ್ಚಿದಾಗ, ಅಂಥ ಅಚ್ಚನ್ನು ಮಾಡಬಲ್ಲ ಕಾರ್ಖಾನೆಗಳು ಬೆರಳೆಣಿಕೆಯಷ್ಟಿದ್ದವು. ಅದರ ಬೆಲೆ ಇದ್ದುದು ಆ ವಿರಳತೆಯಲ್ಲಿ. ಇಂದು ಆ ವಿರಳತೆ ಇಲ್ಲ.

ಇಷ್ಟನ್ನು ಅರಿತರೆ ದೌರ್ಬಲ್ಯವೆಲ್ಲಿದೆಯೆಂಬುದು ತಾನಾಗಿಯೇ ಕಾಣುತ್ತದೆ. ಚಿತ್ರವೆಲ್ಲವೂ ಮೇಲ್ಮೈಯ ಏರುತಗ್ಗುಗಳಲ್ಲಿಯೇ ಅಡಗಿರುವುದರಿಂದ, ಅಸಲು ಚೀಟಿಯೊಂದನ್ನು ಕೊಂಡು ಅದರ ಹೊದಿಕೆಯನ್ನು ಜಾಣತನದಿಂದ ಬಿಡಿಸಿದವನು ಅದೇ ಏರುತಗ್ಗಿನ ಮೇಲೆ ತನ್ನ ನಿಕ್ಕಲ್ ಅಚ್ಚನ್ನು ಬೆಳೆಸಿಕೊಳ್ಳಬಲ್ಲನು. ಹಾಗೆ ಹುಟ್ಟಿದ ನಕಲು ಬಣ್ಣವನ್ನು ಬದಲಿಸುತ್ತದೆ, ಓರೆಮಾಡಿದರೆ ಚಲಿಸುತ್ತದೆ, ಅಸಲಿನಂತೆಯೇ ಇರುತ್ತದೆ. ಅಷ್ಟು ಶ್ರಮಪಡಲೊಲ್ಲದವನು ಚಿತ್ರವನ್ನು ಕಣ್ಣಳತೆಯಲ್ಲಿ ನೋಡಿ ಇನ್ನೊಂದು ಹಾಲೋಗ್ರಾಮನ್ನೇ ಹೊಸದಾಗಿ ರಚಿಸುತ್ತಾನೆ. ಇನ್ನೂ ಸೋಮಾರಿಯಾದವನು ಹೊಳೆಯುವ ಕಾಗದದ ಮೇಲೆ ಚಿತ್ರವನ್ನು ಮುದ್ರಿಸಿ ಸುಮ್ಮನಾಗುತ್ತಾನೆ. ಚೀಟಿಯನ್ನು ದೀಪದ ಕೆಳಗೆ ಹಿಡಿದು ಅತ್ತಿತ್ತ ವಾಲಿಸುವ ಪರೀಕ್ಷೆಯಿಂದ ಸಿಕ್ಕಿಬೀಳುವವನು ಈ ಮೂರನೆಯವನು ಮಾತ್ರ. ಎರಡನೆಯವನನ್ನು ಹಿಡಿಯಬೇಕಾದರೆ ಅಸಲು ಚೀಟಿ ಪಕ್ಕದಲ್ಲಿರಬೇಕು, ಭೂತಕನ್ನಡಿಯೂ ಇರಬೇಕು. ಅಕ್ಷರದ ಅಂಚು ಮಸುಕಾಗಿರುವುದೋ, ಹಿನ್ನೆಲೆಯ ಗೆರೆಗಳು ಚುಕ್ಕಿಚುಕ್ಕಿಯಾಗಿ ಒಡೆದಿರುವುದೋ ಆಗ ತೋರೀತು. ಗ್ರಾಹಕನ ಬಳಿ ಅಸಲೆಂಬುದು ಎಂದೂ ಇರುವುದಿಲ್ಲವಾದ್ದರಿಂದ, ಅವನು ಹೋಲಿಸುವುದು ಯಾವುದರೊಡನೆ? ಮೇಲ್ಮೈಯಲ್ಲಿ ಅಲ್ಲದೆ ಪದರದ ಒಡಲೊಳಗೇ ಚಿತ್ರವನ್ನು ಇರಿಸುವ ಫೋಟೋಪಾಲಿಮರ್ ಹಾಲೋಗ್ರಾಂ ಎಂಬ ಮತ್ತೊಂದು ಬಗೆಯುಂಟು. ಅಚ್ಚು ತೆಗೆಯಲು ಅದರಲ್ಲಿ ಏರುತಗ್ಗೇ ಇಲ್ಲದಿರುವುದರಿಂದ ಅದನ್ನು ಅನುಕರಿಸುವುದು ಬಹಳ ಕಷ್ಟ. ಆದರೆ ನಿತ್ಯಬಳಕೆಯ ಪೊಟ್ಟಣಗಳ ಮೇಲೆ ನಾವು ನೋಡುವುದು ಬಹುತೇಕ ಒತ್ತಚ್ಚಿನ ಬಗೆಯನ್ನೇ.

ಈ ಚೀಟಿಗೆ ಇನ್ನೊಂದು ಕರ್ತವ್ಯವಿದೆ. ಅದನ್ನು ನಾನು ಹೊಳಪಿಗಿಂತ ಮೇಲಾದುದೆಂದು ಎಣಿಸುತ್ತೇನೆ. ಡಬ್ಬಿಯ ಮುಚ್ಚಳಕ್ಕೂ ಒಡಲಿಗೂ ಅಡ್ಡಲಾಗಿ ಅಂಟಿಸಿದ ಚೀಟಿಯನ್ನು ಕಿತ್ತರೆ ಅದು ಚೂರಾಗಬೇಕು, ಇಲ್ಲವೆ ತನ್ನ ಚಿತ್ರದ ಒಂದು ಭಾಗವನ್ನು ಡಬ್ಬಿಯ ಮೇಲೆಯೇ ಬಿಟ್ಟು ಬರಬೇಕು. ಉಗುರಿನಿಂದ ಎಬ್ಬಿಸಿದರೆ ಅಖಂಡವಾಗಿ ಎದ್ದುಬಂದು ಮತ್ತೊಂದು ಕಡೆ ಅಂಟಿಕೊಳ್ಳುವ ಚೀಟಿ ಎಷ್ಟೇ ಸುಂದರವಾಗಿದ್ದರೂ ನಿಷ್ಪ್ರಯೋಜಕ. ಅದನ್ನು ನಕಲುಮಾಡಬೇಕಾದ ಶ್ರಮವೂ ಇಲ್ಲ, ಹಳೆಯ ಡಬ್ಬಿಯಿಂದ ಹೊಸದಕ್ಕೆ ವರ್ಗಾಯಿಸಿದರೆ ಸಾಕು.

ನಮ್ಮ ದೇಶದಲ್ಲಿ ಈಗ ನಂಬಿಕೆಯ ಭಾರವು ಕ್ಯೂಆರ್ ಕೋಡಿನ ಮೇಲೆ ಬಿದ್ದಿದೆ. ಕೇಂದ್ರ ಸರ್ಕಾರವು 2022ರ ನವೆಂಬರಿನಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯು 2023ರ ಆಗಸ್ಟ್ 1ರಿಂದ ಜಾರಿಗೆ ಬಂದು, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳು ತಮ್ಮ ಲೇಬಲಿನ ಮೇಲೆ ಬಾರ್ ಕೋಡನ್ನಾಗಲಿ ಕ್ಯೂಆರ್ ಕೋಡನ್ನಾಗಲಿ ಮುದ್ರಿಸತಕ್ಕದ್ದೆಂದು ವಿಧಿಸಿತು. ಬೆಂಗಳೂರಿನ ಕಂಪನಿಯೇ ತಯಾರಿಸುವ, ನಮ್ಮ ಮನೆಮನೆಯಲ್ಲೂ ಇರುವ ಡೋಲೊ ಮಾತ್ರೆಯೂ ಆ ಪಟ್ಟಿಯಲ್ಲಿದೆ. ಫೋನಿನಿಂದ ಸ್ಕ್ಯಾನ್ ಮಾಡಿದರೆ ಉತ್ಪನ್ನದ ಗುರುತುಸಂಖ್ಯೆ, ಔಷಧದ ಜೆನೆರಿಕ್ ಹೆಸರು, ಬ್ರ್ಯಾಂಡಿನ ಹೆಸರು, ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರ್, ತಯಾರಿಕೆಯ ದಿನಾಂಕ, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್, ಈ ಎಂಟು ವಿವರಗಳು ಲಭ್ಯವಾಗಬೇಕು. ಈ ವ್ಯವಸ್ಥೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಾಗೆಂದು ಅದರ ಮಿತಿಯನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯವಾದೀತು.

ಆ ಎಂಟು ವಿವರಗಳನ್ನು ಮತ್ತೊಮ್ಮೆ ಓದಿನೋಡಿ. ಅವುಗಳಲ್ಲಿ ಒಂದಾದರೂ ನಿಮ್ಮ ಕೈಯಲ್ಲಿರುವ ಆ ಒಂದು ಸ್ಟ್ರಿಪ್ಪಿಗೆ ಮಾತ್ರ ಸಂಬಂಧಿಸಿದ್ದಲ್ಲ. ಒಂದು ಬ್ಯಾಚಿನಲ್ಲಿ ಲಕ್ಷ ಸ್ಟ್ರಿಪ್ಪುಗಳು ತಯಾರಾದವೆಂದು ಊಹಿಸಿದರೆ, ಆ ಲಕ್ಷದ ಮೇಲೂ ಇರುವುದು ಒಂದೇ ಮಾಹಿತಿ. ನಕಲುಗಾರನು ಔಷಧದಂಗಡಿಯಿಂದ ಅಸಲು ಸ್ಟ್ರಿಪ್ಪೊಂದನ್ನು ತಂದು, ಅದರ ಕೋಡನ್ನು ಛಾಯಾಚಿತ್ರ ತೆಗೆದು, ತನ್ನ ಸುಣ್ಣದಪುಡಿಯ ಮಾತ್ರೆಗಳ ಹೊದಿಕೆಯ ಮೇಲೆ ಇನ್ನೊಂದು ಲಕ್ಷ ಬಾರಿ ಮುದ್ರಿಸಿದರೆ, ಅವನ ಪ್ರತಿಯೊಂದು ಸ್ಟ್ರಿಪ್ಪೂ ಸ್ಕ್ಯಾನ್ ಮಾಡಿದವರಿಗೆಲ್ಲ ನಿಜವಾದ ಬ್ಯಾಚನ್ನೂ ನಿಜವಾದ ದಿನಾಂಕವನ್ನೂ ತೋರಿಸುತ್ತದೆ. ಇದರಲ್ಲಿ ಹಾಲೋಗ್ರಾಮಿಗೆ ಬೇಕಾದಷ್ಟು ಕೌಶಲವೂ ಬೇಡ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಅವರು ಈ ಕೋಡನ್ನು ರೂಪಿಸಿದ್ದು ಕಾರುಗಳ ಬಿಡಿಭಾಗಗಳನ್ನು ಬೇಗ ಗುರುತಿಸುವುದಕ್ಕಾಗಿ. ಕೊಳೆ ಮೆತ್ತಿದರೂ ಹರಿದರೂ, ಅದರ ಅತ್ಯುಚ್ಚ ಕ್ರಮದಲ್ಲಿ ಶೇಕಡ 30ರಷ್ಟು ಅಳಿಸಿಹೋದರೂ, ಅದು ಓದಿಸಿಕೊಳ್ಳಬೇಕೆಂಬುದು ಅವರ ಗುರಿಯಾಗಿತ್ತು. ಕೆಟ್ಟ ಮುದ್ರಣದಲ್ಲಿಯೂ ಚೆನ್ನಾಗಿ ಓದಿಸಿಕೊಳ್ಳುವ ಆ ಗುಣವೇ ಅದನ್ನು ನಕಲಿಗೆ ಅತ್ಯಂತ ಅನುಕೂಲವಾದ ವಸ್ತುವನ್ನಾಗಿಸಿದೆ.

ಇದಕ್ಕಿಂತ ಕುಟಿಲವಾದ ಉಪಾಯವೂ ಉಂಟು. ಕೋಡಿನೊಳಗೆ ಜಾಲತಾಣದ ವಿಳಾಸವಿದ್ದರೆ, ಫೋನು ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವವನು ಕೋಡನ್ನು ಮುದ್ರಿಸಿದವನೇ. ನಕಲುಗಾರನು ತನ್ನದೇ ತಾಣವನ್ನು ನಿರ್ಮಿಸಿ, ಅಲ್ಲಿ ಹಸಿರು ಬಣ್ಣದಲ್ಲಿ ‘ಇದು ಅಸಲು’ ಎಂದು ತೋರಿಸಿದರೆ, ಸಾಕ್ಷಿ ಹೇಳುತ್ತಿರುವವನೇ ಅಪರಾಧಿಯೆಂಬುದು ನೋಡುವವನಿಗೆ ಹೇಗೆ ತಿಳಿಯಬೇಕು? ತೆರೆಯ ಮೇಲಿನ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗದ ಕೊನೆಯಲ್ಲಿ ಯಾರ ಹೆಸರಿದೆಯೋ ಆ ತಾಣ ಅವರದು. ಅದು ತಯಾರಕರ ಹೆಸರಾಗಿರದಿದ್ದರೆ ಪುಟದ ಮಾತಿಗೆ ಸುಲಭವಾಗಿ ಒಪ್ಪಿಬಿಡಬಾರದು.

ಹಾಗಾದರೆ ನಂಬತಕ್ಕ ಗುರುತು ಯಾವುದು? ಯೂರೋಪಿನ ಒಕ್ಕೂಟವು 2019ರ ಫೆಬ್ರವರಿ 9ರಿಂದ ಜಾರಿಗೆ ತಂದಿರುವ ಕ್ರಮದಲ್ಲಿ ಇದಕ್ಕೆ ಬಹುಮಟ್ಟಿಗೆ ಸಮರ್ಪಕವಾದ ಉತ್ತರವಿದೆ. ಅಲ್ಲಿ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳ ಪ್ರತಿಯೊಂದು ಡಬ್ಬಿಗೂ ಅದಕ್ಕೆ ಮಾತ್ರ ಸೇರಿದ ಕ್ರಮಸಂಖ್ಯೆಯೊಂದನ್ನು ಕೊಟ್ಟು, ಅದನ್ನು ಚೌಕಾಕಾರದ ಕೋಡಿನಲ್ಲಿ ಮುದ್ರಿಸಿ, ಮುಂಚಿತವಾಗಿಯೇ ಕೇಂದ್ರದ ಕಡತದಲ್ಲಿ ದಾಖಲಿಸಿರುತ್ತಾರೆ. ಸಂಖ್ಯೆ ಒಂದು, ಎರಡು, ಮೂರು ಎಂದು ಸಾಲಾಗಿ ಬರುವಂತಿಲ್ಲ; ಊಹಿಸಿ ಹೇಳಿದರೆ ಸರಿಯಾಗುವ ಸಂಭವವು ಹತ್ತುಸಾವಿರಕ್ಕೆ ಒಂದಕ್ಕಿಂತ ಕಡಿಮೆಯಿರಬೇಕೆಂದು ನಿಯಮವೇ ಹೇಳುತ್ತದೆ. ಅಂಗಡಿಯವನು ಡಬ್ಬಿಯನ್ನು ಗ್ರಾಹಕನಿಗೆ ಕೊಡುವಾಗ ಸ್ಕ್ಯಾನ್ ಮಾಡಿದೊಡನೆ, ನಗದಾದ ಚೆಕ್ಕಿನಂತೆ, ಆ ಸಂಖ್ಯೆ ರದ್ದಾಗುತ್ತದೆ. ಒಂದು ಡಬ್ಬಿಯ ಕೋಡನ್ನು ನೂರು ಡಬ್ಬಿಗಳ ಮೇಲೆ ಮುದ್ರಿಸಿದವನಿಗೆ ಮೊದಲನೆಯದೊಂದು ಸಾಗಬಹುದು. ಎರಡನೆಯದು ಯಾವ ಊರಿನ ಯಾವ ಅಂಗಡಿಯಲ್ಲಿ ಸ್ಕ್ಯಾನ್ ಆದರೂ ಎಚ್ಚರಿಕೆ ಏಳುತ್ತದೆ. ನಕಲು ಮೊದಲು ಮಾರಾಟವಾಗಿ ಅಸಲಿನ ಮೇಲೆಯೇ ಸಂಶಯ ಬರುವ ಸಂದರ್ಭವೂ ಉಂಟಾಗಬಹುದು. ಆದರೆ ಮೋಸವು ಬಯಲಾಗಿಯೇ ಆಗುತ್ತದೆ. ಇಲ್ಲಿ ರಕ್ಷಣೆ ಇರುವುದು ಮಸಿಯಲ್ಲಲ್ಲ, ಕಡತದಲ್ಲಿ. ನಮ್ಮ ನಿಯಮವು ಪ್ರತಿ ಸ್ಟ್ರಿಪ್ಪಿಗೂ ಇಂಥ ಸ್ವಂತ ಸಂಖ್ಯೆಯನ್ನು ಬೇಡಿಲ್ಲ. ಬೇಡಲೇಬೇಕಾದ ಕಾಲ ಬಂದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಷ್ಟಾದರೂ ಪೊಟ್ಟಣದ ಗುರುತು ಪೊಟ್ಟಣದ ಒಳಗಿನದಕ್ಕೆ ಹೊಣೆಯಾಗಲಾರದೆಂಬುದಕ್ಕೆ 2024ರ ಮಾರ್ಚಿನಲ್ಲಿ ದೆಹಲಿ ಪೊಲೀಸರು ಬಯಲಿಗೆಳೆದ ಪ್ರಕರಣವೇ ಸಾಕ್ಷಿ. ಲಕ್ಷಾಂತರ ರೂಪಾಯಿ ಬೆಲೆಬಾಳುವ ಕ್ಯಾನ್ಸರ್ ಚುಚ್ಚುಮದ್ದಿನ ಖಾಲಿ ಸೀಸೆಗಳನ್ನು ಆಸ್ಪತ್ರೆಗಳ ಒಳಗಿನವರಿಂದಲೇ ಸಂಗ್ರಹಿಸಿ, ಶಿಲೀಂಧ್ರದ ಸೋಂಕಿಗೆ ಕೊಡುವ ಅಗ್ಗದ ಔಷಧವನ್ನು ಅವುಗಳಲ್ಲಿ ತುಂಬಿ ಮಾರುತ್ತಿದ್ದರೆಂಬುದು ಆರೋಪ. ಸೀಸೆ ಅಸಲು, ಲೇಬಲು ಅಸಲು, ಬ್ಯಾಚ್ ನಂಬರೂ ಅಸಲೇ, ಸುಳ್ಳಾಗಿದ್ದುದು ಔಷಧವೊಂದೇ. ಬಳಸಿದ ಸೀಸೆಯ ಲೇಬಲನ್ನು ರೋಗಿಯ ಕಡೆಯವರ ಕಣ್ಣೆದುರಿಗೇ ಹರಿದು, ಸೀಸೆಯನ್ನು ಒಡೆದುಹಾಕುವ ಪದ್ಧತಿ ಆಸ್ಪತ್ರೆಗಳಲ್ಲಿ ಕಟ್ಟುನಿಟ್ಟಾಗಿ ಬರುವವರೆಗೆ ಯಾವ ಕೋಡೂ ಈ ಬಾಗಿಲನ್ನು ಮುಚ್ಚಲಾರದು.

ಸಾಮಾನ್ಯ ಗ್ರಾಹಕನು ಮಾಡಬಹುದಾದುದು ಇಷ್ಟು: ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ನಂಬರನ್ನೂ ಎಕ್ಸ್‌ಪೈರಿಯನ್ನೂ ಸ್ಟ್ರಿಪ್ಪಿನ ಮೇಲೆ ಒತ್ತಿರುವುದರೊಡನೆ, ಆಮೇಲೆ ಅಂಗಡಿಯ ಬಿಲ್ಲಿನೊಡನೆ ಹೋಲಿಸಬೇಕು. ಸೋಮಾರಿ ನಕಲುಗಾರನು ಹಳೆಯ ಕೋಡಿನ ಪಕ್ಕದಲ್ಲಿ ಹೊಸ ದಿನಾಂಕವನ್ನು ಒತ್ತಿ ಸಿಕ್ಕಿಬೀಳುವುದು ಇಲ್ಲಿಯೇ. ಮೂರೂ ಒಂದಾಗಿದ್ದರೆ ಮಾತ್ರೆ ಅಸಲೆಂದು ಸಿದ್ಧವಾಗಲಿಲ್ಲ; ಒಂದು ತಪ್ಪಿದರೂ ಅದನ್ನು ಸೇವಿಸಬಾರದು. ಬಿಲ್ಲಿಲ್ಲದೆ ಔಷಧವನ್ನು ಕೊಳ್ಳಲೇಬಾರದು, ಏಕೆಂದರೆ ಆ ಬ್ಯಾಚು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದನ್ನು ಔಷಧ ನಿಯಂತ್ರಣ ಇಲಾಖೆಯವರು ಹಿಂದುಹಿಂದಕ್ಕೆ ಹುಡುಕುವುದು ಆ ಕಾಗದದಿಂದಲೇ. ಇದಲ್ಲದೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ 26ನೆಯ ಪ್ರಕರಣವು, ತಾನು ಕೊಂಡ ಔಷಧವನ್ನು ನಿಗದಿಯಾದ ಶುಲ್ಕ ತೆತ್ತು ಸರ್ಕಾರಿ ವಿಶ್ಲೇಷಕರಿಗೆ ಒಪ್ಪಿಸಿ, ಅದರೊಳಗೆ ಏನಿದೆಯೆಂಬ ಬಗ್ಗೆ ಅವರ ಸಹಿಯುಳ್ಳ ವರದಿಯನ್ನು ಪಡೆಯುವ ಹಕ್ಕನ್ನು ಯಾವನೇ ಗ್ರಾಹಕನಿಗೂ ಕೊಟ್ಟಿದೆ. ಆದ್ದರಿಂದ ಸಂಶಯ ಬಂದ ಸ್ಟ್ರಿಪ್ಪನ್ನು ಅಂಗಡಿಗೆ ಹಿಂದಿರುಗಿಸಿ ಹಣ ಪಡೆದು ಬರುವುದಕ್ಕಿಂತ, ಉಳಿದ ಮಾತ್ರೆಗಳನ್ನು ಹೊದಿಕೆಯೊಡನೆ ಹಾಗೆಯೇ ಇರಿಸಿಕೊಂಡು ಬಿಲ್ಲಿನ ಸಮೇತ ಇಲಾಖೆಯ ಮುಂದಿಡುವುದು ಲೇಸು.