ಹಳೇ ಗಿರಾಕಿಗೆ ಹೆಚ್ಚು ದರ ಬಿದ್ದದ್ದು ಹೇಗೆ?

ಹುಬ್ಬಳ್ಳಿಯ ಒಂದು ಎಲೆಕ್ಟ್ರಿಕಲ್ ಹೋಲ್‌ಸೇಲ್ ಅಂಗಡಿಯಲ್ಲಿ ಒಂದೇ ದಿನ ಎರಡು ಬಿಲ್ಲು ಆದವು. ಎರಡೂ 9 ವ್ಯಾಟ್ ಎಲ್‌ಇಡಿ ಬಲ್ಬಿನವು, ಎರಡರಲ್ಲೂ 120 ನಗ. ಹದಿನೈದು ವರ್ಷದಿಂದ ಮಾಲು ಒಯ್ಯುತ್ತಿರುವ ಗದಗಿನ ಅಂಗಡಿಯವರಿಗೆ ನಗಕ್ಕೆ 75 ರೂಪಾಯಿ 20 ಪೈಸೆ ಬಿತ್ತು. ಅಂದೇ ಮೊದಲ ಸಲ ಬಂದ ಒಬ್ಬ ಕಂಟ್ರಾಕ್ಟರಿಗೆ 72 ರೂಪಾಯಿ. ಅಲ್ಲಿ ಇಆರ್‌ಪಿ ಕೂಡಿಸಿಕೊಟ್ಟವನು ನಾನೇ ಆದ್ದರಿಂದ ಸಾಹುಕಾರರು ನನಗೇ ಫೋನ್ ಮಾಡಿದರು.

"ನಮ್ಮ ಮನಷ್ಯಾಗ ಜಾಸ್ತಿ ರೇಟ್ ಹಚ್ಚೇತ್ರಿ ಇದು. ನಾಳೆ ಅವರು ಕೇಳಿದ್ರ ನಾ ಏನ್ ಹೇಳ್ಲಿ?"

ಖರೀದಿ, ಗೋದಾಮು, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವ ತಂತ್ರಾಂಶಕ್ಕೆ ಇಆರ್‌ಪಿ ಎನ್ನುತ್ತಾರೆ. ಆ ಅಂಗಡಿಯಲ್ಲಿದ್ದದ್ದು ಇಆರ್‌ಪಿನೆಕ್ಸ್ಟ್. ಮುಂಬೈಯಲ್ಲಿ ಹುಟ್ಟಿದ, ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ತಂತ್ರಾಂಶ ಅದು. ಹೀಗಾಗಿ ಅದು ದರವನ್ನು ಹೇಗೆ ಆರಿಸುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ತೆರೆದು ಓದಬಹುದು.

ಮೊದಲು ಅದು ಹುಡುಕುವುದು ದರಪಟ್ಟಿಯನ್ನು. ಗಿರಾಕಿಯ ಖಾತೆಗೆ ಒಂದು ಪಟ್ಟಿಯನ್ನು ಗೊತ್ತುಮಾಡಿದ್ದರೆ ಅದು. ಇಲ್ಲದಿದ್ದರೆ ಆ ಗಿರಾಕಿ ಸೇರಿರುವ ಗುಂಪಿನ ಪಟ್ಟಿ. ಅದೂ ಇಲ್ಲವಾದರೆ ಇಡೀ ಅಂಗಡಿಗೆ ಇಟ್ಟಿರುವ ಪಟ್ಟಿ. ಗದಗಿನವರೂ ಕಂಟ್ರಾಕ್ಟರೂ ಹೋಲ್‌ಸೇಲ್ ಪಟ್ಟಿಯಲ್ಲೇ ಇದ್ದರು. ಜಿಎಸ್‌ಟಿ ಬಿಟ್ಟು ಬಲ್ಬಿನ ದರ 80 ರೂಪಾಯಿ. ಇಲ್ಲಿಯವರೆಗೆ ಇಬ್ಬರೂ ಸಮ.

ಆಮೇಲೆ ರಿಯಾಯಿತಿಯ ನಿಯಮಗಳು. ಅಂಗಡಿಯಲ್ಲಿ ಈ ಬಲ್ಬಿನ ಮೇಲೆ ಎರಡು ನಿಯಮಗಳಿದ್ದವು. ಗದಗಿನವರಿಗೆಂದೇ ಬರೆದದ್ದು ಒಂದು: ಎಷ್ಟೇ ಕೊಂಡರೂ ಶೇಕಡಾ 6 ಕಡಿತ. ಇನ್ನೊಂದು ಯಾರಿಗಾದರೂ ಸಲ್ಲುವಂಥದ್ದು: 100 ನಗ ಮುಟ್ಟಿದರೆ ಶೇಕಡಾ 10. ಕಂಟ್ರಾಕ್ಟರಿಗೆ ಎರಡನೆಯದು ಮಾತ್ರ ಅನ್ವಯಿಸುತ್ತಿತ್ತು, 72 ರೂಪಾಯಿ ಬಂತು. ಗದಗಿನವರಿಗೆ ಎರಡೂ ಅನ್ವಯಿಸುತ್ತಿದ್ದವು. ಮನುಷ್ಯನಾದರೆ ಗಿರಾಕಿಗೆ ಲಾಭವಾಗುವುದನ್ನು ಕೊಟ್ಟುಬಿಡುತ್ತಿದ್ದ. ಇಆರ್‌ಪಿನೆಕ್ಸ್ಟ್ ಯಾವುದು ಅಗ್ಗ ಎಂದು ಹೋಲಿಸುವುದೇ ಇಲ್ಲ. ಯಾವ ನಿಯಮ ಹೆಚ್ಚು ಖಾಸಗಿ ಎಂದಷ್ಟೇ ನೋಡುತ್ತದೆ. ಹೆಸರು ಹಿಡಿದು ಬರೆದ ನಿಯಮದ ಮುಂದೆ ಎಲ್ಲರಿಗೂ ಬರೆದ ನಿಯಮ ನಿಲ್ಲುವುದಿಲ್ಲ. ಹಾಗಾಗಿ ಶೇಕಡಾ 6 ಗೆದ್ದಿತು. ಹಳೇ ಗಿರಾಕಿಗೆ ಮರ್ಯಾದೆ ಮಾಡಲು ಬರೆದ ಸಾಲೇ ಅವರಿಗೆ 384 ರೂಪಾಯಿ ಹೆಚ್ಚಿಗೆ ಹಾಕಿತು.

ಎಲ್ಲ ತಂತ್ರಾಂಶಗಳೂ ಹೀಗೆಯೇ ಎಂದುಕೊಳ್ಳಬಾರದು. ಮೈಕ್ರೋಸಾಫ್ಟಿನ ಬಿಸಿನೆಸ್ ಸೆಂಟ್ರಲ್ ಸಾಮಾನ್ಯವಾಗಿ ಗಿರಾಕಿಗೆ ಸಲ್ಲುವ ದರಗಳಲ್ಲೆಲ್ಲ ಕಡಿಮೆಯದನ್ನೇ ಎತ್ತಿಕೊಳ್ಳುತ್ತದೆ. ಎಸ್‌ಎಪಿಯಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕೆಂದು ಮೊದಲೇ ಮೆಟ್ಟಿಲು ಕಟ್ಟಿಡುತ್ತಾರೆ. ಈ ಗಿರಾಕಿಗೆ ಈ ಮಾಲಿನ ದರ ಉಂಟೇ, ಇಲ್ಲದಿದ್ದರೆ ದರಪಟ್ಟಿಯಲ್ಲಿ ಉಂಟೇ, ಅಲ್ಲೂ ಇಲ್ಲದಿದ್ದರೆ ಮಾಲಿನ ಸಾಮಾನ್ಯ ದರವೇನು ಎಂದು ಇಳಿಯುತ್ತ, ಸಿಕ್ಕಲ್ಲಿಗೆ ನಿಲ್ಲುವಂತೆ ಮಾಡುವುದು ರೂಢಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವವರು ಹಳೆಯ ನಿಯಮಗಳನ್ನು ಹಾಗೆಹಾಗೇ ನಕಲು ಮಾಡಿದರೆ ಬಿಲ್ಲಿನ ಮೊತ್ತ ಬದಲಾಗುವುದು ಇದಕ್ಕೇ.

ಗದಗಿನವರ ತೊಡಕಿಗೆ ಮದ್ದು ಸುಲಭದ್ದೇ. ಪ್ರತಿ ನಿಯಮಕ್ಕೂ `Priority` ಎಂಬ ಅಂಕೆ ಕೊಡಬಹುದು, 1ರಿಂದ 20ರವರೆಗೆ. ದೊಡ್ಡ ಅಂಕೆಯದು ಗೆಲ್ಲುತ್ತದೆ. 100 ನಗದ ನಿಯಮಕ್ಕೆ 10 ಕೊಟ್ಟೆವು. ಹಾಗಾದರೆ ಗದಗಿನವರು 60 ನಗ ಒಯ್ದ ದಿನ ಅವರ ಶೇಕಡಾ 6 ಕೂಡ ತಪ್ಪಿಹೋಗುವುದಿಲ್ಲವೇ ಎಂದು ಸಾಹುಕಾರರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ತಪ್ಪುವುದಿಲ್ಲ, ಏಕೆಂದರೆ ಜರಡಿಗಳಿಗೆ ಒಂದು ಅನುಕ್ರಮವಿದೆ. ಮೊದಲ ಜರಡಿ ಪ್ರಮಾಣದ್ದು. 60 ನಗದ ಬಿಲ್ಲಿನಲ್ಲಿ 100 ನಗದ ನಿಯಮ ಅಲ್ಲೇ ಉದುರುತ್ತದೆ, ಅಂಕೆಯ ಜರಡಿಗೆ ಬಂದು ಸೇರುವುದೇ ಇಲ್ಲ. ಅಂಕೆಯ ನಂತರ ಖಾಸಗಿತನದ ಜರಡಿ. ಎಲ್ಲವನ್ನೂ ದಾಟಿ ಒಂದೇ ಉಳಿದರೆ ಅದು ಬಿಲ್ಲಿಗೆ ಹೋಗುತ್ತದೆ.

ಈ ಪ್ರಮಾಣವನ್ನು ಎಣಿಸುವುದು ದಾಸ್ತಾನಿನ ಅಳತೆಯಲ್ಲಿ ಎಂಬುದು ನೆನಪಿರಲಿ. ಗುಮಾಸ್ತರು 10 ನಗದ 12 ಬಾಕ್ಸ್ ಎಂದು ಬರೆದರೂ, ದಾಸ್ತಾನನ್ನು ನಗದಲ್ಲಿ ಇಟ್ಟಿದ್ದರೆ ನಿಯಮ ಅದನ್ನು 120 ಎಂದೇ ಓದುತ್ತದೆ. ನಿಯಮ ಬರೆಯುವವರು ಬಾಕ್ಸ್ ಮನಸ್ಸಿನಲ್ಲಿಟ್ಟುಕೊಂಡು 100 ಎಂದು ಹಾಕಿದರೆ, 10 ಬಾಕ್ಸ್ ಒಯ್ದವನಿಗೂ ದೊಡ್ಡ ರಿಯಾಯಿತಿ ಸಿಕ್ಕಿಬಿಡುತ್ತದೆ.

ದೀಪಾವಳಿ ಬಂತು. ಹದಿನೈದು ದಿನ ಎಲ್ಲರಿಗೂ ಶೇಕಡಾ 7 ಎಂದು ಸಾಹುಕಾರರು ಸ್ಕೀಮು ಹೂಡಿದರು. ಗುಮಾಸ್ತರಿಗೆ ಹಿಂದಿನ ಪಾಠ ನೆನಪಿತ್ತು. ಅಂಕೆ ಕೊಡದಿದ್ದರೆ ಗದಗಿನವರಿಗೆ ಮತ್ತೆ 6ರಲ್ಲೇ ನಿಲ್ಲುತ್ತದೆ ಎಂದು ಇದಕ್ಕೂ 10 ಕೊಟ್ಟರು. ಸಣ್ಣ ಬಿಲ್ಲುಗಳೆಲ್ಲ ಸರಿಯಾಗಿ ಬಂದವು. 120 ನಗದ ಬಿಲ್ಲು ಬಂದಾಗ ಪರದೆಯ ಮೇಲೆ ಹೀಗೆ ಮೂಡಿತು:

```
Multiple Price Rules exists with same criteria,
please resolve conflict by assigning priority.
```

ಮಾಲು ಅದೇ, ಎರಡೂ ಎಲ್ಲರಿಗೂ ಬರೆದ ನಿಯಮ, ಅಂಕೆಯೂ ಒಂದೇ. ಇನ್ನು ಜರಡಿ ಉಳಿದಿಲ್ಲ. ತಂತ್ರಾಂಶ ತಾನಾಗಿ ಒಂದನ್ನು ಆರಿಸದೆ ಬಿಲ್ಲನ್ನೇ ತಡೆದು ಕೇಳುತ್ತದೆ. ಹಬ್ಬದ ಗಿರಾಕಿಗಳ ಸಾಲಿನೆದುರು ಇದು ಕಷ್ಟವೇ. ಆದರೂ ಇಂಥ ತಡೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗದಗಿನ ಬಿಲ್ಲು ಯಾವ ತಕರಾರೂ ಇಲ್ಲದೆ ಹೊರಬಿದ್ದದ್ದಕ್ಕೇ ಆ ತಪ್ಪು ಅಷ್ಟು ತಡವಾಗಿ ಕಂಡದ್ದು. 100 ನಗದ ನಿಯಮಕ್ಕೆ 12 ಕೊಟ್ಟ ಮೇಲೆ ಬಿಲ್ಲು ಮುಂದಕ್ಕೆ ಹೋಯಿತು.

ಎರಡು ರಿಯಾಯಿತಿಯನ್ನೂ ಕೊಡುವ ಮನಸ್ಸಿದ್ದರೆ ಅದಕ್ಕೂ ದಾರಿಯಿದೆ: ಎರಡೂ ನಿಯಮಗಳಲ್ಲಿ `Apply Multiple Pricing Rules` ಎಂಬುದಕ್ಕೆ ಗುರುತು ಹಾಕಬೇಕು. ಆಗ 10 ಮತ್ತು 7 ಕೂಡಿ 17 ಆಗಿ, 80ರ ಬಲ್ಬು 66 ರೂಪಾಯಿ 40 ಪೈಸೆಗೆ ಇಳಿಯುತ್ತದೆ. ಕಡಿದ ದರದ ಮೇಲೆ ಮತ್ತೆ ಕಡಿಯುವಂತೆ ಹೇಳಿದರೆ 66 ರೂಪಾಯಿ 96 ಪೈಸೆ. ಸಾಹುಕಾರರು ಖರೀದಿ ದರ ನೋಡಿ ಎರಡೂ ಬೇಡವೆಂದರು.

ಬದಲಿಗೆ, ಶೇಕಡಾ 10ರ ಜಾಗದಲ್ಲಿ ಹತ್ತಕ್ಕೆ ಒಂದು ಫ್ರೀ ಇಡಲೇ ಎಂದು ಕೇಳಿದರು. ಕೇಳಲು ಎರಡೂ ಒಂದೇ. 11 ಬಲ್ಬು ಒಯ್ದು 10ರ ಹಣ ಕೊಟ್ಟರೆ ಸಿಕ್ಕುವುದು ಶೇಕಡಾ 9.09 ಮಾತ್ರ. ಆ ಸ್ಕೀಮಿನಲ್ಲಿ `Is Recursive` ಎಂಬ ಗುರುತು ಮರೆತರಂತೂ 120 ನಗಕ್ಕೆ 12 ಫ್ರೀ ಬರಬೇಕಾದಲ್ಲಿ ಒಂದೇ ಬಲ್ಬು ಬರುತ್ತದೆ.

ಈಗ ಅಲ್ಲಿ ಹೊಸ ನಿಯಮ ಬರೆದಾಗಲೆಲ್ಲ ಗುಮಾಸ್ತರು ಕರಡು ಬಿಲ್ಲು ಮಾಡಿ ನೋಡುತ್ತಾರೆ. 99 ನಗಕ್ಕೊಂದು, 100ಕ್ಕೊಂದು. ಒಮ್ಮೆ ಗದಗಿನವರ ಹೆಸರಿನಲ್ಲಿ, ಒಮ್ಮೆ ಹೊಸ ಗಿರಾಕಿಯ ಹೆಸರಿನಲ್ಲಿ. ಬಿಲ್ಲಿನ ಸಾಲನ್ನು ಬಿಡಿಸಿದರೆ ಪಟ್ಟಿಯ ದರ, ಕಡಿತದ ಪ್ರಮಾಣ, ಯಾವ ನಿಯಮ ಹತ್ತಿದೆ ಎಂಬುದು ಕಾಣುತ್ತದೆ. ಯಾವ ನಿಯಮವೂ ಹತ್ತದಿದ್ದರೆ ಮೊದಲು ನೋಡಬೇಕಾದದ್ದು ಬಿಲ್ಲಿನ `Ignore Pricing Rule` ಗುರುತು. ಯಾರೋ ಕೈಯಿಂದ ದರ ಹಾಕಲು ಒತ್ತಿ ಹಾಗೇ ಬಿಟ್ಟಿರುತ್ತಾರೆ.

ಗದಗಿನವರಿಗೆ 384 ರೂಪಾಯಿ ಮತ್ತು ಅದರ ಜಿಎಸ್‌ಟಿಗೆ ಕ್ರೆಡಿಟ್ ನೋಟ್ ಹೋಯಿತು. ಅವರು ಕೇಳುವ ಮೊದಲೇ ಸಾಹುಕಾರರು ಫೋನ್ ಮಾಡಿ ತಿಳಿಸಿದ್ದರು.