ಭೇದಿಯಾದಾಗ ಲೋಟದ ಲೆಕ್ಕ

ಬೆಳಗಿನಿಂದ ಐದು ಸಲ ನೀರುನೀರಾಗಿ ಭೇದಿಯಾಗಿದೆ, ಬಾಯಿ ಒಣಗುತ್ತಿದೆ, ಮೂತ್ರ ಕಡುಹಳದಿ. ಇಂಥವರಿಗೆ ಮೊದಲು ಬೇಕಾದದ್ದು ಓಆರ್‌ಎಸ್. ಇದರಿಂದ ಭೇದಿ ತಕ್ಷಣ ನಿಲ್ಲುವುದಿಲ್ಲ. ಹೋದ ನೀರು, ಉಪ್ಪು ಮಾತ್ರ ವಾಪಸ್ ಬರುತ್ತವೆ. ನಿಲ್ಲಲಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ಕರುಳು ಸಕ್ಕರೆಯನ್ನು ಒಳಗೆಳೆದುಕೊಳ್ಳುವಾಗ ಉಪ್ಪನ್ನೂ ಜೊತೆಗೆಳೆಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯ ನಡುವೆಯೂ ಈ ದಾರಿ ತೆರೆದೇ ಇರುತ್ತದೆ.

ಎಡವುವುದು ಅಳತೆಯಲ್ಲಿ. ಒಂದು ಲೀಟರಿನ ದೊಡ್ಡ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗುತ್ತದೆ. ಪ್ಯಾಕೆಟ್ ಮೇಲೆ ಬರೆದಷ್ಟು ನೀರನ್ನೇ ಹಾಕಿ. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ.

ಪ್ರತಿ ಭೇದಿಯ ನಂತರ ಒಂದೆರಡು ಲೋಟ, ಅಂದರೆ 200ರಿಂದ 400 ಮಿ.ಲೀ. ಕುಡಿಯಬೇಕು. ಗಟಗಟ ಕುಡಿದು ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಶುರುಮಾಡಿ.

ಹೊಟ್ಟೆಯನ್ನು ಖಾಲಿ ಬಿಡುವ ಹಳೇ ಪಥ್ಯ ಬೇಡ. ಉಪ್ಪು ಹಾಕಿದ ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು ಸ್ವಲ್ಪ ಸ್ವಲ್ಪವಾಗಿ ತಿನ್ನಬಹುದು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬೇಡಿ. ಬಾಟಲಿ ಕೂಲ್‌ಡ್ರಿಂಕ್ಸಿನ ಅತಿ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಮೂತ್ರ ತಿಳಿಯಾಗಿ ಬರತೊಡಗಿದರೆ ಲೆಕ್ಕ ಸರಿಹೋಗುತ್ತಿದೆ. ಆರು ಗಂಟೆಯಾದರೂ ಮೂತ್ರವಿಲ್ಲ, ಎದ್ದರೆ ತಲೆಸುತ್ತು, ಮಂಪರು, ಮಲದಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿ ಎಂದಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಡ್ರಿಪ್ ಬೇಕಾಗಬಹುದು. ಹೃದಯ, ಮೂತ್ರಪಿಂಡದ ಕಾಯಿಲೆಯಿರುವವರು ಎಷ್ಟು ಕುಡಿಯಬೇಕೆಂದು ಮೊದಲೇ ವೈದ್ಯರನ್ನು ಕೇಳಬೇಕು.