ಮೊಳ ಹೆಚ್ಚಾದರೆ ಹೂವು ಹೆಚ್ಚಾಗದು

ಹೋದ ವರ್ಷ ಮಳೆ ಹಿಡಿದ ಹೊತ್ತಿನಲ್ಲಿ ನವಿ ಮುಂಬೈನ ಐರೋಲಿಯಲ್ಲಿರುವ ನಮ್ಮ ಆಫೀಸಿನ ಪರದೆಯ ಮೇಲೆ ಒಂದು ಸ್ಲೈಡ್ ಬಂತು. ಅದರಲ್ಲಿ ಎರಡೇ ಕಂಬಗಳು. ಠಾಣೆ ಆಫೀಸಿನ ತಂಡದ ವೆಲಾಸಿಟಿ 58, ನಮ್ಮದು 34. ಮ್ಯಾನೇಜರ್ ಕೂಗಾಡಲಿಲ್ಲ. ‘ಅಲ್ಲೂ ಏಳು ಜನ, ಇಲ್ಲೂ ಏಳು ಜನ. ಇಷ್ಟು ವ್ಯತ್ಯಾಸ ಏಕೆ?’ ಎಂದಷ್ಟೇ ಕೇಳಿದರು. ತಂಡದ ಲೀಡ್ ಆಗಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಅಂದು ಸಂಜೆ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯವರೆಗೆ ನಿಂತೇ ಬಂದೆ. ಆ ಎರಡು ಕಂಬಗಳೂ ನನ್ನ ಜೊತೆಗೇ ಬಂದವು.

ಐಟಿಯಲ್ಲಿ ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಾವು ಎರಡೆರಡು ವಾರದ ಕಂತುಗಳಲ್ಲಿ ಕೆಲಸ ಮಾಡುತ್ತೇವೆ. ಒಂದು ಕಂತಿಗೆ ಸ್ಪ್ರಿಂಟ್ ಎನ್ನುತ್ತಾರೆ. ಪ್ರತಿ ಕೆಲಸಕ್ಕೂ ತಂಡದವರೇ ಕೂತು ಪಾಯಿಂಟ್ ಕೊಡುತ್ತಾರೆ: 1, 2, 3, 5, 8, 13. ಇವು ಗಂಟೆಗಳಲ್ಲ, ದಿನಗಳೂ ಅಲ್ಲ. ನಾವು ಹಿಂದೆ ಮಾಡಿದ ಒಂದು ಸಣ್ಣ ಕೆಲಸವನ್ನು 2 ಎಂದು ಹಿಡಿದರೆ, ಹೊಸದು ಅದಕ್ಕಿಂತ ಎಷ್ಟು ದೊಡ್ಡದು ಎಂಬ ಅಂದಾಜು ಅಷ್ಟೇ. ಸ್ಪ್ರಿಂಟ್ ಮುಗಿದಾಗ ಪೂರ್ತಿಯಾದ ಕೆಲಸಗಳ ಪಾಯಿಂಟ್ ಕೂಡಿಸಿದರೆ ಬರುವುದೇ ವೆಲಾಸಿಟಿ.

ಈ ಪಾಯಿಂಟ್ ಹುಟ್ಟಿದ್ದೇ ದಿನಗಳ ಲೆಕ್ಕದ ಗೊಂದಲದಿಂದ. ಅಮೆರಿಕದ ರಾನ್ ಜೆಫ್ರೀಸ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ‘ಯಾವ ಅಡಚಣೆಯೂ ಇಲ್ಲದ ದಿನ’ಗಳಲ್ಲಿ ಅಂದಾಜು ಹೇಳುತ್ತಿದ್ದರು. ನಿಜವಾಗಿ ಅದರ ಮೂರರಷ್ಟು ದಿನ ಹಿಡಿಯುತ್ತಿತ್ತು. ಮೂರು ದಿನದ ಕೆಲಸಕ್ಕೆ ಒಂಬತ್ತು ದಿನ ಏಕೆ ಎಂಬ ಪ್ರಶ್ನೆ ಬಂದಾಗ ‘ದಿನ’ ಎಂಬ ಮಾತನ್ನೇ ಬಿಟ್ಟು ‘ಪಾಯಿಂಟ್’ ಎಂದರು. ಇದನ್ನು ಕಂಡುಹಿಡಿದವನು ಬಹುಶಃ ನಾನೇ, ಹಾಗಿದ್ದರೆ ಈಗ ಅದಕ್ಕೆ ವಿಷಾದವಿದೆ ಎಂದು ಜೆಫ್ರೀಸ್ 2019ರಲ್ಲಿ ಬರೆದರು. ತಂಡಗಳನ್ನು ಹೋಲಿಸಲು ಅದನ್ನು ಬಳಸುವುದು ಅವರು ಎತ್ತಿದ ಆಕ್ಷೇಪಗಳಲ್ಲಿ ಒಂದು.

ನಾನು ಅದನ್ನು ಆಗ ಓದಿರಲಿಲ್ಲ. ಸ್ಲೈಡ್ ಬಂದ ಮೇಲೆ ನಮ್ಮ ತಂಡದಲ್ಲಿ ಯಾರೂ ಮೋಸ ಮಾಡಲಿಲ್ಲ. ಆದರೆ 3 ಇರಲೋ 5 ಇರಲೋ ಎಂಬ ಅನುಮಾನ ಬಂದಾಗಲೆಲ್ಲ 5ಕ್ಕೇ ಕೈ ಎತ್ತತೊಡಗಿದೆವು. ಮೊದಲು ಎತ್ತಿದವನು ನಾನೇ. ಮುಂದಿನ ಸ್ಪ್ರಿಂಟ್‌ನಲ್ಲಿ 43, ಅದರ ಮುಂದಿನದರಲ್ಲಿ 52. ಮ್ಯಾನೇಜರ್ ಮೆಚ್ಚಿದರು. ಆ ಮೂರು ಸ್ಪ್ರಿಂಟ್‌ಗಳಲ್ಲಿ ಮುಗಿಸಿದ ಕೆಲಸಗಳನ್ನು ನಾನು ಎಣಿಸಿ ನೋಡಿದ್ದರೆ ಸಾಕಿತ್ತು: 9, 8, 9. ಕೆಲಸಗಳ ಸಂಖ್ಯೆ ನಿಂತಲ್ಲೇ ನಿಂತು, ಒಂದೊಂದು ಕೆಲಸದ ಸರಾಸರಿ ಪಾಯಿಂಟ್ ಮಾತ್ರ 4ರ ಹತ್ತಿರದಿಂದ 6ರ ಹತ್ತಿರಕ್ಕೆ ಏರಿತ್ತು. ಅಳತೆಗೋಲು ಸವೆದು ಗಿಡ್ಡವಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಗುರುತಿಲ್ಲ.

ಪೆಟ್ಟು ಬಿದ್ದದ್ದು ಆಮೇಲೆ. ಗ್ರಾಹಕರಿಗೆ ಕೊಡಬೇಕಾದ ಉಳಿದ ಕೆಲಸ 180 ಪಾಯಿಂಟ್ ಇತ್ತು. ಆ 180 ಸ್ಲೈಡ್ ಬರುವ ಮೊದಲಿನ ಅಂದಾಜು, ಅಂದರೆ ಹಳೆಯ ಅಳತೆ. ಅದನ್ನು ಹೊಸ ಅಳತೆಯ 52ರಿಂದ ಭಾಗಿಸಿ, ನಾಲ್ಕು ಸ್ಪ್ರಿಂಟ್ ಸಾಕು, ದಸರೆಗೆ ಮುಂಚೆಯೇ ಮುಗಿಯುತ್ತದೆ ಎಂದು ಮಾತು ಕೊಟ್ಟುಬಿಟ್ಟರು. ಹಳೆಯ 34ರಿಂದಲೇ ಭಾಗಿಸಿದ್ದರೆ ಆರು ಸ್ಪ್ರಿಂಟ್ ಬರುತ್ತಿತ್ತು. ಬಂದದ್ದೂ ಆರೇ. ಅಂದರೆ ಒಂದು ತಿಂಗಳು ತಡ. ಆ ತಿಂಗಳಲ್ಲೂ ಪ್ರತಿ ಸ್ಪ್ರಿಂಟ್‌ಗೆ ವೆಲಾಸಿಟಿ 50 ದಾಟುತ್ತಲೇ ಇತ್ತು. ಸ್ಪ್ರಿಂಟ್‌ಗೆ ಎತ್ತಿಕೊಂಡಾಗ 3ರ ಕೆಲಸ 5 ಆಗುತ್ತಿತ್ತು, ಬಾಕಿ ಪಟ್ಟಿಯಿಂದ ಮಾತ್ರ ಹಳೆಯ 3 ಕಳೆಯುತ್ತಿತ್ತು.

ಕಲ್ಯಾಣ್‌ನಿಂದ ಬರುತ್ತಿದ್ದ ನಮ್ಮ ಕಿರಿಯ ಹುಡುಗನೊಬ್ಬ ಆ ತಿಂಗಳ ಭಾನುವಾರಗಳನ್ನೆಲ್ಲ ಐರೋಲಿಯಲ್ಲೇ ಕಳೆದ. ಮೊದಲು ಇತರರ ಕೋಡ್ ನೋಡಿ ತಪ್ಪು ಹುಡುಕಿಕೊಡುತ್ತಿದ್ದವನು ಅದನ್ನು ಬಿಟ್ಟಿದ್ದ, ಏಕೆಂದರೆ ಅದಕ್ಕೆ ಪಾಯಿಂಟ್ ಇರಲಿಲ್ಲ. ತಡವಾದದ್ದಕ್ಕೆ ಕಾರಣ ಹುಡುಕುವಾಗ ಆಡಳಿತದವರು ಎತ್ತಿದ್ದು ಅವನ ಹೆಸರನ್ನೇ.

ನಾನೂ ದೀಪಾವಳಿಗೆ ಹಾಸನಕ್ಕೆ ಹೋಗಲಾಗಲಿಲ್ಲ. ಅಮ್ಮನೇ ಡೊಂಬಿವಲಿಗೆ ಬಂದಳು. ಸ್ಟೇಷನ್ ಹತ್ತಿರ ಹೂವು ಕೊಳ್ಳುವಾಗ ಅಭ್ಯಾಸಬಲದಿಂದ ಕನ್ನಡದಲ್ಲೇ ‘ಮೊಳಕ್ಕೆ ಎಷ್ಟಮ್ಮ?’ ಎಂದು ಕೇಳಿದಳು. ಹೂವಾಡಗಿತ್ತಿಗೆ ಅರ್ಥವಾಗದೆ ನಕ್ಕಳು. ದಾರಿಯಲ್ಲಿ ಅಮ್ಮ ಹಾಸನದ ಮಾರ್ಕೆಟ್ಟಿನ ಮಾತು ತೆಗೆದಳು. ಅಲ್ಲಿ ಅಕ್ಕಪಕ್ಕ ಕೂರುವ ಇಬ್ಬರಲ್ಲಿ ಒಬ್ಬಳ ಹತ್ತಿರ ಮಾತ್ರ ಅವಳು ಹೂವು ಕೊಳ್ಳುವುದು. ‘ಇನ್ನೊಬ್ಬಳ ಕೈ ಗಿಡ್ಡ ಕಣೋ. ಅದೇ ದಂಡೆ ಅವಳು ಅಳೆದರೆ ಮೊಳ ಜಾಸ್ತಿ ಆಗುತ್ತೆ, ಹೂವು ಜಾಸ್ತಿ ಆಗಲ್ಲ.’

ನನ್ನ ಎಂಟೆಕ್ ಹೇಳಿಕೊಡದಿದ್ದ ಮಾತು ಅದು. ಮೊಳ ಕೆಟ್ಟ ಅಳತೆಯೇನಲ್ಲ. ಒಬ್ಬಳೇ ತನ್ನದೇ ಕೈಯಲ್ಲಿ ದಿನವೂ ಅಳೆದರೆ, ನಾಳೆ ಎಷ್ಟು ಮೊಳ ಕಟ್ಟಬಲ್ಲೆ ಎಂದು ಅವಳು ಸರಿಯಾಗಿಯೇ ಹೇಳಬಲ್ಲಳು. ಇಬ್ಬರ ಮೊಳಗಳನ್ನು ಒಂದೇ ಗ್ರಾಫಿನಲ್ಲಿ ಹಾಕಿದರೆ ಕಾಣುವುದು ಮಾರಿದ ಹೂವಲ್ಲ, ಕೈಯ ಉದ್ದ.

ರಜೆ ಮುಗಿದ ಮೇಲೆ ಠಾಣೆ ತಂಡದ ಲೀಡ್ ಜೊತೆ ಕೂತು ಆ ಕೈಯ ಉದ್ದವನ್ನೇ ಅಳೆದು ನೋಡಿದೆವು. ಅವರು ಮುಗಿಸಿದ್ದ ಐದು ಕೆಲಸಗಳ ವಿವರ ಮಾತ್ರ ಕೊಟ್ಟು, ಅವರ ಪಾಯಿಂಟ್ ಮುಚ್ಚಿಟ್ಟು, ಸ್ಲೈಡ್ ಬರುವ ಮೊದಲು ನಾವೇ ಅಳೆದಿದ್ದ ಹಳೆಯ ಕೆಲಸಗಳನ್ನು ಎದುರಿಗಿಟ್ಟುಕೊಂಡು ನಮ್ಮ ತಂಡ ಅಂದಾಜು ಮಾಡಿತು. ಒಟಿಪಿ ಹಾಕಿ ಮೊಬೈಲ್ ನಂಬರ್ ಬದಲಿಸುವ ಪುಟಕ್ಕೆ ಅವರು 8 ಕೊಟ್ಟಿದ್ದರು, ನಾವು 5 ಎಂದೆವು. ಐದೂ ಸೇರಿ ಅವರದು 31, ನಮ್ಮದು 19. ಆ ಲೆಕ್ಕದಲ್ಲಿ ಅವರ 58 ನಮ್ಮ ಅಳತೆಗೆ ಸುಮಾರು 36. ಹೋಲಿಕೆ ಅಷ್ಟಕ್ಕೂ ನಿಲ್ಲಲಿಲ್ಲ. ಟೆಸ್ಟಿಂಗ್ ಮುಗಿದರೆ ಅವರಿಗೆ ಕೆಲಸ ‘ಮುಗಿದಂತೆ’. ನಮ್ಮಲ್ಲಿ ಭದ್ರತೆಯ ಪರಿಶೀಲನೆ ದಾಟಿ ಗ್ರಾಹಕರ ಕೈಗೆ ಹೋದ ಮೇಲೇ ಎಣಿಕೆ. ಅಲ್ಲಿಗೆ 36 ಮತ್ತು 34ರ ನಡುವೆ ಯಾರು ಮುಂದೆ ಎಂದು ಕೇಳುವುದಕ್ಕೇ ಅರ್ಥ ಉಳಿಯಲಿಲ್ಲ.

ಹಾಗಾದರೆ ಈ ಪರಿವರ್ತನೆಯ ದರವನ್ನೇ ಸ್ಲೈಡಿಗೆ ಹಾಕೋಣ ಎಂದರು ಮ್ಯಾನೇಜರ್. ಬೇಡ ಎಂದೆವು. ತಂಡಕ್ಕೆ ಇಬ್ಬರು ಹೊಸಬರು ಬಂದರೂ ಆ ದರ ಬದಲಾಗುತ್ತದೆ. ಅದನ್ನೂ ಹೋಲಿಕೆಗೆ ಇಟ್ಟರೆ ಮತ್ತೆ ಕೈ ಗಿಡ್ಡವಾಗುತ್ತದೆ.

ಈಗ ನಮ್ಮ ವೆಲಾಸಿಟಿ ತಂಡದೊಳಗೇ ಇರುತ್ತದೆ. ಬಾಕಿ ಪಟ್ಟಿಯನ್ನೂ ಅದೇ ಅಳತೆಯಲ್ಲಿ ಮತ್ತೆ ಅಂದಾಜು ಮಾಡಿದ್ದೇವೆ. ಕಳೆದ ಆರು ಸ್ಪ್ರಿಂಟ್‌ಗಳಲ್ಲಿ ಅತಿ ಕಡಿಮೆ 28, ಅತಿ ಹೆಚ್ಚು 38. ಆದ್ದರಿಂದ 180 ಪಾಯಿಂಟ್ ಕೆಲಸಕ್ಕೆ ಐದರಿಂದ ಏಳು ಸ್ಪ್ರಿಂಟ್ ಎನ್ನುತ್ತೇವೆ, ಒಂದೇ ತಾರೀಖು ಹೇಳುವುದಿಲ್ಲ. ಮೇಲಿನವರಿಗೆ ಕೊಡುವುದು ಬೇರೆ ಎರಡು ಲೆಕ್ಕ: ಕೆಲಸ ಶುರುವಾಗಿ ಗ್ರಾಹಕರ ಕೈ ಸೇರಲು ಹಿಡಿದ ದಿನಗಳು, ಮತ್ತು ಅಲ್ಲಿಂದ ಮರಳಿ ಬಂದ ದೋಷಗಳು. ದಿನ ಎಂಬುದು ಠಾಣೆಯಲ್ಲೂ ಐರೋಲಿಯಲ್ಲೂ ಇಪ್ಪತ್ನಾಲ್ಕೇ ಗಂಟೆ. ಆದರೂ ಕೆಲಸದ ಸ್ವರೂಪ ನೋಡದೆ ಅದನ್ನೂ ಅಕ್ಕಪಕ್ಕ ಇಡಬಾರದು.

ಕಲ್ಯಾಣ್‌ನ ಹುಡುಗ ಈಗ ಮತ್ತೆ ಇತರರ ಕೋಡ್ ನೋಡುತ್ತಿದ್ದಾನೆ. ಅವನ ಹೆಸರು ಎತ್ತಿದ ದಿನ ನಾನು ಸುಮ್ಮನಿದ್ದೆ. 3ರ ಜಾಗದಲ್ಲಿ 5 ಮೊದಲು ಹೇಳಿದವನು ನಾನು ಎಂದು ಅವನಿಗೆ ಹೇಳಿದ್ದು ಮಾತ್ರ ಎರಡು ತಿಂಗಳು ತಡವಾಗಿ.